ಅಪ್ಪನ ತಲೆ ಎಷ್ಟು ದೊಡ್ಡದಿರಬೇಕು?

ಹೋದ ತಿಂಗಳು ನಮ್ಮ ಪಕ್ಕದ ಬೀದಿಯ ಅಕ್ಕ ಒಬ್ಬರು ಫ್ರೇಮ್ ಹಾಕಿಸಿದ ಫೋಟೊವೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದರು. "ತಮ್ಮಾ, ನೀನು ಪೇಪರಿಗೆ ಫೋಟೊ ತೆಗೆಯೋನು. ಇದರಲ್ಲಿ ಏನೋ ಸರಿ ಇಲ್ಲ, ಏನು ಅಂತ ಹೇಳು" ಅಂದರು. ಮಗಳ ಮದುವೆಯ ಫೋಟೊ. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿದೆ. ಮದುಮಕ್ಕಳ ಹಿಂದೆ ಅಪ್ಪನೂ ನಿಂತಿರುವ ಹಾಗೆ ಸ್ಟುಡಿಯೋದವರಿಂದ ಸೇರಿಸಿಸಿದ್ದರು. ಮುಖ ಚೆನ್ನಾಗಿಯೇ ಬಂದಿತ್ತು, ಬಣ್ಣವೂ ಹೊಂದಿತ್ತು. ಆದರೂ ನೋಡಿದ ಕೂಡಲೇ ಭಯವಾಗುತ್ತಿತ್ತು. ಮಗಳು ಅದನ್ನು ಗೋಡೆಗೆ ಹಾಕಬೇಡ ಅಂದಳಂತೆ.

ತಪ್ಪು ಇದ್ದದ್ದು ಒಂದೇ ಕಡೆ. ಹಿಂದೆ ನಿಂತ ಅಪ್ಪನ ತಲೆ ಮುಂದೆ ನಿಂತ ಮಗಳ ತಲೆಗಿಂತ ದೊಡ್ಡದಾಗಿತ್ತು. ಸ್ಟುಡಿಯೋದಲ್ಲಿ ಕೇಳಿದ್ದಕ್ಕೆ, "ಹಿರಿಯರಲ್ವಾ, ಸ್ವಲ್ಪ ಎದ್ದು ಕಾಣ್ಲಿ ಅಂತ ದೊಡ್ಡದು ಮಾಡಿದೀವಿ" ಅಂದರಂತೆ. ಈ ಮಾತಿಗೇ ನನ್ನ ತಕರಾರು. ತಲೆಯ ಅಳತೆಯನ್ನು ಗೌರವದಿಂದ ತೀರ್ಮಾನಿಸುವ ಹಾಗಿಲ್ಲ. ಅವರು ಎಲ್ಲಿ ನಿಂತಿದ್ದಾರೆ ಎಂಬುದೇ ಅದನ್ನು ತೀರ್ಮಾನಿಸಬೇಕು.

ಹೊಲದ ಬದುವಿನಲ್ಲಿ ನಿಂತು ಕರೆಂಟ್ ಕಂಬಗಳ ಸಾಲು ನೋಡಿ. ಕಂಬಗಳೆಲ್ಲ ಒಂದೇ ಎತ್ತರದವು, ಆದರೆ ದೂರ ಹೋದಂತೆ ಚಿಕ್ಕದಾಗುತ್ತವೆ. ಇದಕ್ಕೆ ಲೆಕ್ಕವೂ ಇದೆ. ದೂರ ಎರಡು ಪಟ್ಟಾದರೆ ಕಾಣುವ ಅಳತೆ ಅರ್ಧವಾಗುತ್ತದೆ, ದೂರ ಮೂರು ಪಟ್ಟಾದರೆ ಮೂರನೇ ಒಂದು ಭಾಗ. ಮನುಷ್ಯರ ತಲೆಗೂ ಇದೇ ಲೆಕ್ಕ. ದೊಡ್ಡವರ ತಲೆ ಗದ್ದದಿಂದ ನೆತ್ತಿಯವರೆಗೆ ಸುಮಾರು 22 ಸೆಂಟಿಮೀಟರ್ ಇರುತ್ತದೆ. ಒಬ್ಬರಿಂದೊಬ್ಬರಿಗೆ ಒಂದೆರಡು ಸೆಂಟಿಮೀಟರ್ ಹೆಚ್ಚುಕಡಿಮೆ ಆಗಬಹುದು, ಅಷ್ಟೆ. ಹಾಗಾಗಿ ಒಂದೇ ಫೋಟೊದಲ್ಲಿ ಇಬ್ಬರು ದೊಡ್ಡವರ ತಲೆಯ ಅಳತೆಯಲ್ಲಿ ತುಂಬಾ ವ್ಯತ್ಯಾಸ ಕಂಡರೆ, ಅದಕ್ಕೆ ಕಾರಣ ಹೆಚ್ಚಾಗಿ ಅವರು ಕ್ಯಾಮೆರಾದಿಂದ ಎಷ್ಟು ದೂರ ಇದ್ದಾರೆ ಎಂಬುದೇ.

ಅಕ್ಕನ ಫೋಟೊವನ್ನು ಅಳೆದು ನೋಡೋಣ ಅಂದುಕೊಂಡೆ. ತೆಗೆದದ್ದು ಅವರ ಮಗ, ಕಲ್ಯಾಣ ಮಂಟಪದಲ್ಲಿ, ಫೋನಿನಲ್ಲಿ. ಆ ಮಂಟಪದ ನೆಲಕ್ಕೆ ಎರಡಡಿಯ ಟೈಲ್ಸ್ ಹಾಕಿದ್ದಾರೆ. ತಾನು ಯಾವ ಕಂಬದ ಪಕ್ಕ ನಿಂತಿದ್ದೆ ಅಂತ ಹುಡುಗನಿಗೆ ನೆನಪಿತ್ತು. ಅಲ್ಲಿಂದ ಮದುಮಕ್ಕಳಿಗೆ ನಾಲ್ಕು ಟೈಲ್ಸ್, ಅಂದರೆ ಎಂಟಡಿ. ಅಪ್ಪ ಅವರ ಹಿಂದೆ ನಿಲ್ಲಬೇಕಾದರೆ ಇನ್ನೊಂದು ಟೈಲ್ಸ್ ಹಿಂದಕ್ಕೆ, ಅಂದರೆ ಹತ್ತಡಿ.

ಪ್ರಿಂಟಿನಲ್ಲಿ ಮಗಳ ತಲೆ, ಹೂವು ಬಿಟ್ಟು, ಗದ್ದದಿಂದ ನೆತ್ತಿಯವರೆಗೆ 30 ಮಿಲಿಮೀಟರ್ ಇತ್ತು. ಹತ್ತಿರದವರ ದೂರವನ್ನು ಹಿಂದಿನವರ ದೂರದಿಂದ ಭಾಗಿಸಬೇಕು. ಎಂಟನ್ನು ಹತ್ತರಿಂದ ಭಾಗಿಸಿದರೆ 0.8. ಮೂವತ್ತರಲ್ಲಿ 0.8 ಅಂದರೆ 24. ಅಪ್ಪನ ತಲೆ 24 ಮಿಲಿಮೀಟರ್ ಇರಬೇಕಿತ್ತು. ಗಂಡಸರ ತಲೆ ಸ್ವಲ್ಪ ದೊಡ್ಡದು, ಹಾಗಾಗಿ 25 ಇದ್ದರೂ ಸರಿ. ಸ್ಟುಡಿಯೋದವರು ಇಟ್ಟಿದ್ದು 36.

ಅಂದರೆ ಒಂದೂವರೆ ಪಟ್ಟು. ಆ ಜಾಗದಲ್ಲಿ ನಿಂತ ಮನುಷ್ಯನ ತಲೆ 36 ಮಿಲಿಮೀಟರ್ ಕಾಣಬೇಕಾದರೆ ಅದು ನಿಜವಾಗಿ 33 ಸೆಂಟಿಮೀಟರ್ ಉದ್ದ ಇರಬೇಕು. ಅಂಥ ತಲೆ ಯಾರಿಗೂ ಇರುವುದಿಲ್ಲ. ಇನ್ನೊಂದು ದಾರಿಯಿಂದ ಲೆಕ್ಕ ಹಾಕಿದರೆ, ಸಾಮಾನ್ಯ ತಲೆಯೊಂದು 36 ಮಿಲಿಮೀಟರ್ ಕಾಣುವುದು ಕ್ಯಾಮೆರಾದಿಂದ ಸುಮಾರು ಆರೂಮುಕ್ಕಾಲು ಅಡಿ ದೂರದಲ್ಲಿ, ಅಂದರೆ ಮದುಮಕ್ಕಳ ಮುಂದೆ. ಆದರೆ ಮಗಳ ಭುಜ ಅಪ್ಪನ ಎದೆಯನ್ನು ಮುಚ್ಚಿದೆ. ಭುಜ ನೋಡಿದರೆ ಅವರು ಹಿಂದಿದ್ದಾರೆ, ತಲೆ ನೋಡಿದರೆ ಮುಂದಿದ್ದಾರೆ. ಲೆಕ್ಕ ಗೊತ್ತಿಲ್ಲದವರಿಗೂ ಕಣ್ಣು ಈ ಜಗಳವನ್ನು ಹೇಳಿಬಿಡುತ್ತದೆ. ಮಗಳಿಗೆ ಭಯವಾದದ್ದು ಅದಕ್ಕೇ.

ಲೆಕ್ಕ ಸರಿಯೋ ತಪ್ಪೋ ಅಂತ ಪರೀಕ್ಷೆ ಮಾಡಲು ಸುಲಭದ ದಾರಿಯೊಂದಿದೆ. ಅದೇ ದಿನ, ಅದೇ ಜಾಗದಲ್ಲಿ ನಿಂತು ತೆಗೆದ ಇನ್ನೊಂದು ಫೋಟೊ ಹುಡುಕುವುದು. ಹುಡುಗನ ಫೋನಿನಲ್ಲಿ ಅಂಥದ್ದೊಂದು ಸಿಕ್ಕಿತು. ಅದರಲ್ಲಿ ಮದುಮಗಳ ಸೋದರಮಾವ ಅವಳ ಹಿಂದಿನ ಟೈಲ್ಸ್ ಮೇಲೆ ನಿಂತಿದ್ದರು. ಅದನ್ನು ಅದೇ ಅಳತೆಗೆ ತಂದು ನೋಡಿದರೆ ಅವರ ತಲೆ 25 ಮಿಲಿಮೀಟರ್. ಗುಣಾಕಾರ ಭಾಗಾಕಾರ ಬೇಡ ಅನ್ನುವವರಿಗೆ ಇದೇ ಅತ್ಯುತ್ತಮ ದಾರಿ. ಸೇರಿಸಬೇಕಾದವರು ನಿಲ್ಲುವ ಸಾಲಿನಲ್ಲಿ ಈಗಾಗಲೇ ಯಾರಾದರೂ ನಿಂತಿದ್ದರೆ, ಅವರ ತಲೆಯ ಅಳತೆಯನ್ನೇ ತೆಗೆದುಕೊಳ್ಳಿ.

ಅಂಥವರು ಯಾರೂ ಇಲ್ಲದಿದ್ದರೆ ಪಾದ ನೋಡಿ. ನಿಂತ ಮನುಷ್ಯನ ಎತ್ತರ ಸುಮಾರು ಅವನ ಏಳೂವರೆ ತಲೆಯಷ್ಟು. 24 ಮಿಲಿಮೀಟರಿನ ತಲೆಯಾದರೆ ನೆತ್ತಿಯಿಂದ ಕೆಳಗೆ 180 ಮಿಲಿಮೀಟರ್ ಸ್ಕೇಲಿನಲ್ಲಿ ಅಳೆಯಿರಿ. ಅಲ್ಲಿ ಪಾದ ಬರಬೇಕು. ಆ ಪಾದ ಮದುಮಗಳ ಹಿಂದಿನ ಟೈಲ್ಸ್ ಮೇಲೆ ಬಿದ್ದರೆ ಅಳತೆ ಸರಿ. 36 ಮಿಲಿಮೀಟರಿನ ತಲೆಗೆ ಅಳೆದರೆ 270 ಮಿಲಿಮೀಟರ್ ಆಗುತ್ತದೆ. ಆಗ ಅಪ್ಪನ ಪಾದ ಮಗಳ ಪಾದಕ್ಕಿಂತಲೂ ಕೆಳಗೆ, ಅವಳ ಮುಂದಿನ ನೆಲಕ್ಕೆ ಬಂದುಬಿಡುತ್ತದೆ. ಪಾದ ಫೋಟೊದಲ್ಲಿ ಕಾಣದಿದ್ದರೂ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟು ನೋಡಬಹುದು.

ಇಷ್ಟು ಮಾಡಿದ ಮೇಲೆ ತಲೆಯನ್ನು ಎಷ್ಟು ಎತ್ತರದಲ್ಲಿ ಇಡಬೇಕು ಎಂಬ ಪ್ರಶ್ನೆ ಬರುತ್ತದೆ. ಹಿಂದಿರುವವರನ್ನು ಚಿಕ್ಕದು ಮಾಡಿ ಮೇಲೆ ಎತ್ತಿಟ್ಟರೆ ಮೆಟ್ಟಿಲು ಹತ್ತಿ ನಿಂತ ಹಾಗೆ ಕಾಣುತ್ತಾರೆ. ಫೋಟೊ ತೆಗೆದವರು ನೆಟ್ಟಗೆ ನಿಂತು, ಫೋನನ್ನು ಬಗ್ಗಿಸದೆ ತಮ್ಮ ಕಣ್ಣಿನ ಎತ್ತರಕ್ಕೆ ಹಿಡಿದಿದ್ದರೆ, ಅವರಷ್ಟೇ ಎತ್ತರದ ಎಲ್ಲರ ಕಣ್ಣುಗಳೂ ಫೋಟೊದಲ್ಲಿ ಒಂದೇ ಗೆರೆಯ ಮೇಲೆ ಬರುತ್ತವೆ. ಹತ್ತಿರದವರದೂ ಅದೇ ಗೆರೆ, ದೂರದವರದೂ ಅದೇ ಗೆರೆ. ದೂರ ಹೋದಂತೆ ಪಾದ ಮೇಲೆ ಬರುತ್ತದೆ, ಕಣ್ಣು ಅಲ್ಲೇ ಇರುತ್ತದೆ. ಅಕ್ಕನ ಮಗ ಹೆಚ್ಚುಕಡಿಮೆ ಅಪ್ಪನಷ್ಟೇ ಎತ್ತರ, ಫೋನನ್ನೂ ಹಾಗೇ ಹಿಡಿದಿದ್ದ. ಆದ್ದರಿಂದ ನಮ್ಮ ಕೆಲಸ ಸುಲಭವಾಯಿತು. ಕೂತು ತೆಗೆದ ಫೋಟೊಗೆ ಈ ಗೆರೆ ನಡೆಯುವುದಿಲ್ಲ, ಅಲ್ಲಿ ಪಾದದ ಲೆಕ್ಕವನ್ನೇ ನಂಬಬೇಕು.

ಇನ್ನೊಂದು ತೊಡಕು ಅಪ್ಪನ ಹಳೆ ಫೋಟೊದಲ್ಲೇ ಇತ್ತು. ಸ್ಟುಡಿಯೋದವರು ಬಳಸಿದ್ದು ಅವರ ಒಂದು ಸೆಲ್ಫಿ. ಮುಖಕ್ಕೆ ತೀರಾ ಹತ್ತಿರ ಹಿಡಿದು ತೆಗೆದದ್ದು. ಹಾಗೆ ತೆಗೆದಾಗ ಕಿವಿಗಿಂತ ಮೂಗು ಕ್ಯಾಮೆರಾಕ್ಕೆ ಎಷ್ಟೋ ಹತ್ತಿರ ಇರುತ್ತದೆ. ಒಂದೇ ಮುಖದೊಳಗೆ ಅದೇ ದೂರದ ಲೆಕ್ಕ ಕೆಲಸ ಮಾಡಿ, ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಹತ್ತಡಿ ದೂರದಲ್ಲಿ ನಿಂತವರ ಮುಖ ಹಾಗೆ ಕಾಣುವುದಿಲ್ಲ. ಅಂಥ ಮುಖವನ್ನು ಎಷ್ಟು ಚಿಕ್ಕದು ಮಾಡಿದರೂ ಆ ಉಬ್ಬು ಹೋಗುವುದಿಲ್ಲ. ಅಕ್ಕನ ಟ್ರಂಕಿನಲ್ಲಿ ಗೃಹಪ್ರವೇಶದ ದಿನ ಎಂಟು ಹತ್ತು ಅಡಿ ದೂರದಿಂದ ತೆಗೆದ ಗುಂಪು ಫೋಟೊ ಇತ್ತು. ಮುಖ ಸ್ವಲ್ಪ ಮಸುಕು, ಆದರೆ ಆಕಾರ ಸರಿಯಾಗಿತ್ತು. ಅದನ್ನೇ ಆರಿಸಿಕೊಂಡೆವು.

ಯಾರನ್ನೂ ಸೇರಿಸದೆ, ಎಲ್ಲರೂ ಇರುವಾಗಲೇ ಫೋಟೊ ತೆಗೆಯುವವರಿಗೂ ಈ ಲೆಕ್ಕ ಬೇಕಾಗುತ್ತದೆ. ಅಜ್ಜ ಅಜ್ಜಿ ಎರಡಡಿ ಹಿಂದೆ ನಿಂತಿದ್ದಾರೆ ಅಂದುಕೊಳ್ಳಿ. ನೀವು ಮುಂದಿನವರಿಂದ ನಾಲ್ಕಡಿಯಲ್ಲಿ ನಿಂತು ತೆಗೆದರೆ ಹಿಂದಿನವರ ತಲೆ ಮುಂದಿನವರ ಮೂರನೇ ಎರಡು ಭಾಗ ಮಾತ್ರ ಕಾಣುತ್ತದೆ. ಇಪ್ಪತ್ತಡಿ ಹಿಂದಕ್ಕೆ ಹೋಗಿ ಝೂಮ್ ಮಾಡಿದರೆ ಹತ್ತರಲ್ಲಿ ಒಂಬತ್ತು ಭಾಗ ಕಾಣುತ್ತದೆ. ನಿಂತಲ್ಲೇ ನಿಂತು ಝೂಮ್ ಮಾಡಿದರೆ ಎರಡೂ ತಲೆ ಒಟ್ಟಿಗೆ ದೊಡ್ಡದಾಗುತ್ತವೆ, ಅವುಗಳ ನಡುವಿನ ಲೆಕ್ಕ ಬದಲಾಗುವುದಿಲ್ಲ. ಅದನ್ನು ಬದಲಿಸುವುದು ನಿಮ್ಮ ಕಾಲು. ಹಿರಿಯರು ಎದ್ದು ಕಾಣಬೇಕೆಂದರೆ ಹಿಂದಕ್ಕೆ ನಡೆಯಿರಿ, ಇಲ್ಲವೇ ಅವರನ್ನೇ ಮುಂದೆ ಕೂರಿಸಿ.

ಸ್ಟುಡಿಯೋದವರನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವರ ದಿನದ ಕೆಲಸ ಫ್ಲೆಕ್ಸ್. ಜಾತ್ರೆ, ಚುನಾವಣೆ, ಹುಟ್ಟುಹಬ್ಬ. ಫ್ಲೆಕ್ಸಿನಲ್ಲಿ ದೊಡ್ಡವರ ತಲೆ ದೊಡ್ಡದು, ಶುಭ ಕೋರುವವರ ತಲೆ ಗೋಲಿಯಷ್ಟು. ಅದರಲ್ಲಿ ತಪ್ಪೇನಿಲ್ಲ. ದೇವಸ್ಥಾನದ ಕಲ್ಲಿನಲ್ಲೂ ದೇವರು ದೊಡ್ಡದಾಗಿ, ಕೈಮುಗಿದ ಭಕ್ತ ಚಿಕ್ಕದಾಗಿ ಇರುವುದುಂಟು. ಅವರೆಲ್ಲ ಒಂದೇ ನೆಲದ ಮೇಲೆ ಒಂದೇ ಹೊತ್ತಿಗೆ ನಿಂತಿದ್ದರು ಅಂತ ಫ್ಲೆಕ್ಸ್ ನೋಡಿದ ಯಾರೂ ನಂಬುವುದಿಲ್ಲ. ಆದರೆ ಮನೆಯ ಫೋಟೊ ಹೇಳುವುದೇ ಅದನ್ನು, ನಾವೆಲ್ಲ ಒಟ್ಟಿಗೆ ಇದ್ದೆವು ಅಂತ. ಆ ಮಾತು ನಂಬುವ ಹಾಗಿರಬೇಕಾದರೆ ಫ್ಲೆಕ್ಸಿನ ಅಳತೆಯನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು.

ಹಾಗಾಗಿ ಇಂಥ ಕೆಲಸ ಕೊಡುವಾಗ "ಚೆನ್ನಾಗಿ ಹಾಕಿ" ಅಂತಷ್ಟೇ ಹೇಳಿ ಬರಬೇಡಿ. "ಇವರು ಇಲ್ಲಿ, ಈ ಟೈಲ್ಸ್ ಮೇಲೆ ನಿಂತಿರಬೇಕು" ಅಂತ ಬೆರಳಿಟ್ಟು ತೋರಿಸಿ. ಪ್ರಿಂಟ್ ಹಾಕುವ ಮೊದಲು ಪರದೆಯ ಮೇಲೆ ಸ್ಕೇಲ್ ಇಟ್ಟು ಇಬ್ಬರ ತಲೆಯನ್ನೂ ಅಳೆಯಿರಿ. ಹಿಂದಿನವರ ತಲೆ ಮುಂದಿನವರದಕ್ಕಿಂತ ದೊಡ್ಡದಿದ್ದರೆ ದುಡ್ಡು ಕೊಡುವ ಮೊದಲೇ ತಿದ್ದಿಸಿ. ಸ್ಟುಡಿಯೋದವರೂ ಕೆಲಸ ಶುರು ಮಾಡುವ ಮೊದಲು "ಎಲ್ಲಿ ನಿಲ್ಲಿಸೋಣ?" ಅಂತ ಒಂದು ಮಾತು ಕೇಳಬೇಕು.

ಅಕ್ಕನ ಫೋಟೊವನ್ನು ಅದೇ ಸ್ಟುಡಿಯೋದಲ್ಲಿ, 25 ಮಿಲಿಮೀಟರಿಗೆ ಇಳಿಸಿ, ಹೊಸದಾಗಿ ಮಾಡಿಸಿದೆವು. ಹುಡುಗ ಅರ್ಧ ಗಂಟೆಯಲ್ಲಿ ಮಾಡಿಕೊಟ್ಟ. ಅಪ್ಪ ಈಗ ಚಿಕ್ಕದಾಗಿ, ಮಗಳ ಭುಜದ ಹಿಂದೆ, ಮದುವೆಗೆ ಬಂದವರ ಹಾಗೆ ನಿಂತಿದ್ದಾರೆ. ಅಕ್ಕ ಬಹಳ ಹೊತ್ತು ನೋಡಿದರು. "ಈಗ ಬಂದ್ರು ನೋಡು" ಅಂದರು. ಫೋಟೊ ಈಗ ನಡುಮನೆಯ ಗೋಡೆಯ ಮೇಲಿದೆ.