ಮೆಣಸಿನಕಾಯಿಯ ಮೇಲಿನ ಅಪವಾದ

ಹೊರನಾಡಿನಲ್ಲಿ ನೆಲೆಸಿದ ನಮಗೆ ಹೊಟ್ಟೆ ಕೆಟ್ಟಾಗ ದೂರುವುದಕ್ಕೆ ಕಾರಣಗಳ ಕೊರತೆಯಿಲ್ಲ. ಇಲ್ಲಿನ ಎಣ್ಣೆ, ಇಲ್ಲಿನ ನೀರು, ಕ್ಯಾಂಟೀನಿನ ಮಸಾಲೆ, ಊರಿನಿಂದ ತರಿಸಿದ ಬ್ಯಾಡಗಿ ಮೆಣಸಿನಕಾಯಿ, ಎಲ್ಲವೂ ಆರೋಪಿಗಳ ಪಟ್ಟಿಯಲ್ಲಿ ನಿಲ್ಲುತ್ತವೆ. ಆ ಪಟ್ಟಿಯಲ್ಲಿ ಸಿಗರೇಟಿನ ಹೆಸರು ಮಾತ್ರ ಅಪರೂಪ. ಅದು ಪುಪ್ಪುಸಕ್ಕೆ ಸೇರಿದ ಪಾಪ, ಹೊಟ್ಟೆಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ನಮ್ಮಲ್ಲಿ ಬೇರೂರಿದ ಭಾವನೆ. ಈ ಭಾವನೆ ತಪ್ಪೆಂದೂ, ಅಲ್ಸರ್ ಆದವರ ಮಟ್ಟಿಗೆ ಅಪಾಯಕಾರಿಯೆಂದೂ ನಾವು ತಿಳಿಯುತ್ತೇವೆ.

ನಾವು ಕಂಡ ಒಂದು ಪ್ರಸಂಗವನ್ನೇ ನೋಡೋಣ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನದ ನಿಷೇಧ 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ಮೇಲೆ ಕಚೇರಿಯ ಸಿಗರೇಟು ಗೇಟಿನಾಚೆಯ ಚಹದ ಗಾಡಿಗೆ ವರ್ಗವಾಯಿತು. ಮಧ್ಯಾಹ್ನದ ಊಟ ಮುಗಿದೊಡನೆ ಅಲ್ಲಿಗೆ ಹೋಗುವ ಸಹೋದ್ಯೋಗಿಯೊಬ್ಬರಿಗೆ ಮೊದಲು ಎದೆಯುರಿ, ಹುಳಿತೇಗು ಆರಂಭವಾದವು. ಬಳಿಕ ನಡುರಾತ್ರಿಯಲ್ಲಿ ಹೊಟ್ಟೆಯ ಮೇಲ್ಭಾಗದ ನೋವು ಅವರನ್ನು ಎಬ್ಬಿಸತೊಡಗಿತು. ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣು ಕಂಡಿತು. ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಇರುವುದೂ ಗೊತ್ತಾಯಿತು. ಹದಿನಾಲ್ಕು ದಿನ ಆ್ಯಂಟಿಬಯಾಟಿಕ್, ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ. ಅವರು ಖಾರ ಬಿಟ್ಟರು, ಉಪ್ಪಿನಕಾಯಿ ಬಿಟ್ಟರು, ಮಜ್ಜಿಗೆ ಅನ್ನಕ್ಕೆ ಇಳಿದರು. ಸಿಗರೇಟನ್ನು ಬಿಡಲಿಲ್ಲ. ಎರಡು ತಿಂಗಳಾದರೂ ನೋವು ಹೋಗಲಿಲ್ಲ. ಮರುಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾವೂ ಉಳಿದಿತ್ತು, ಹುಣ್ಣೂ ಉಳಿದಿತ್ತು.

ಇದರಲ್ಲಿ ವಿಧಿಯ ಆಟವೇನೂ ಇಲ್ಲ. ಅನ್ನನಾಳವು ಜಠರವನ್ನು ಸೇರುವಲ್ಲಿ ಒಂದು ಸ್ನಾಯುವಿನ ಬಿಗಿಯಿದೆ. ಆಮ್ಲ ಮೇಲೇರದಂತೆ ತಡೆಯುವುದು ಅದರ ಕೆಲಸ. ನಿಕೋಟಿನ್ ಆ ಬಿಗಿಯನ್ನು ಸಡಿಲಿಸುತ್ತದೆ. ಮೇಲೇರಿದ ಆಮ್ಲವನ್ನು ತೊಳೆದು ಶಮನಗೊಳಿಸಬೇಕಾದ ಜೊಲ್ಲು ಧೂಮಪಾನಿಗಳಲ್ಲಿ ಕಡಿಮೆ. ಊಟ ತುಂಬಿದ ಹೊಟ್ಟೆಯ ಮೇಲೆ ಸೇದಿದ ಸಿಗರೇಟು ಎದೆಯುರಿಯನ್ನು ಕರೆದು ತರುವುದು ಹೀಗೆ.

ಹುಣ್ಣಿನ ಕಥೆ ಇದಕ್ಕಿಂತ ಆಳವಾದದ್ದು. ಜಠರದಿಂದ ಇಳಿದ ಆಮ್ಲವನ್ನು ಸಣ್ಣ ಕರುಳಿನಲ್ಲಿ ತಣಿಸುವುದು ಮುಖ್ಯವಾಗಿ ಮೇದೋಜೀರಕ ಗ್ರಂಥಿಯಿಂದ ಬರುವ ಕ್ಷಾರರಸ. ಹೊಗೆ ಅದನ್ನು ಕುಗ್ಗಿಸುತ್ತದೆ. ಒಳಪೊರೆಗೆ ಹರಿಯುವ ರಕ್ತವನ್ನೂ ಅದು ತಗ್ಗಿಸುತ್ತದೆ. ಗಾಯ ಮಾಯುವುದೆಂದರೆ ಅದರ ಅಂಚಿನಿಂದ ಹೊಸ ಕೋಶಗಳು ಬೆಳೆದು ಕುಳಿಯನ್ನು ಮುಚ್ಚುವುದು. ಅದಕ್ಕೆ ಬೇಕಾದ ಆಮ್ಲಜನಕ ಮತ್ತು ಪೋಷಣೆ ರಕ್ತದಿಂದಲೇ ಬರಬೇಕು. ಒಂದು ಕೈಯಿಂದ ಮಾತ್ರೆ ನುಂಗಿ ಇನ್ನೊಂದು ಕೈಯಿಂದ ಆ ರಕ್ತದ ಹರಿವನ್ನೇ ಹಿಡಿದಿಟ್ಟರೆ ಹುಣ್ಣು ಹೇಗೆ ಮಾದೀತು? ಬ್ಯಾಕ್ಟೀರಿಯಾವನ್ನು ನಿರ್ಮೂಲಗೊಳಿಸುವ ಚಿಕಿತ್ಸೆ ಕೂಡ ಧೂಮಪಾನಿಗಳಲ್ಲಿ ಹೆಚ್ಚು ಬಾರಿ ವಿಫಲವಾಗುತ್ತದೆ.

ಎಲ್ಲ ಹೊಣೆಯನ್ನೂ ಸಿಗರೇಟಿಗೆ ಹೊರಿಸುವುದು ನ್ಯಾಯವಲ್ಲ ಎಂಬುದನ್ನು ಒಪ್ಪುತ್ತೇವೆ. ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ತಂದ ಸಂಶೋಧನೆಯ ಬಳಿಕ ಅಲ್ಸರಿನ ಮೂಲದಲ್ಲಿ ಬಹುಪಾಲು ಈ ಬ್ಯಾಕ್ಟೀರಿಯಾ ಅಥವಾ ನೋವಿನ ಮಾತ್ರೆಗಳು ಇರುತ್ತವೆಂಬುದು ಸ್ಥಿರಪಟ್ಟಿದೆ. ಬ್ಯಾಕ್ಟೀರಿಯಾ ಪೂರ್ಣ ತೊಲಗಿದ ಮೇಲೆ, ಹುಣ್ಣು ಮರುಕಳಿಸುವುದರಲ್ಲಿ ಹೊಗೆಯ ಪಾತ್ರವೂ ಬಹಳ ಕುಗ್ಗುತ್ತದೆ. ಆದರೆ ಅದು ತೊಲಗುವವರೆಗೆ, ಗಾಯ ಮುಚ್ಚುವವರೆಗೆ, ಪ್ರತಿ ಸಿಗರೇಟೂ ಚಿಕಿತ್ಸೆಯ ಎದುರು ಪಕ್ಷವೇ. ಇತ್ತ, ಖಾರ ಉರಿಯನ್ನು ಕೆರಳಿಸಬಹುದಾದರೂ ಹುಣ್ಣನ್ನು ಹುಟ್ಟಿಸುವುದೆಂಬುದಕ್ಕೆ ಆಧಾರವಿಲ್ಲ. ನಮ್ಮ ಸಹೋದ್ಯೋಗಿ ಬಿಟ್ಟದ್ದು ನಿರಪರಾಧಿಯನ್ನು, ಉಳಿಸಿಕೊಂಡದ್ದು ಅಪರಾಧಿಯನ್ನು.

ಆದ್ದರಿಂದ ನಮ್ಮ ಆಗ್ರಹವಿಷ್ಟೇ. ವೈದ್ಯರ ಚೀಟಿಯ ಕೊನೆಯಲ್ಲಿ ಉಪಚಾರದ ಮಾತಿನಂತೆ ಬರೆಯುವ ‘ಸಿಗರೇಟು ಬಿಡಿ’ ಎಂಬುದು ಮಾತ್ರೆಯ ಹೆಸರಿನ ಜೊತೆಗೇ, ಮಾತ್ರೆಯಷ್ಟೇ ಖಚಿತವಾಗಿ ಬರಬೇಕು. ಬಿಡುವುದು ಹೇಗೆಂಬುದನ್ನೂ ತಿಳಿಸಬೇಕು. ನಿಕೋಟಿನ್ ಗಮ್ ಅಗಿದು ಜೊಲ್ಲು ನುಂಗಿದರೆ ಎದೆಯುರಿ ಹೆಚ್ಚಬಹುದಾದ್ದರಿಂದ, ಅಲ್ಸರ್ ಇರುವವರು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯ ಬಗ್ಗೆ ವೈದ್ಯರನ್ನು ವಿಚಾರಿಸುವುದು ಲೇಸು. ರೋಗಿಯೂ ತಾನು ದಿನಕ್ಕೆ ಎಷ್ಟು ಸೇದುತ್ತೇನೆಂಬುದನ್ನು ಮುಚ್ಚಿಡಬಾರದು; ಮುಚ್ಚಿಟ್ಟರೆ ಮಾತ್ರೆಗೆ ಸೋಲಿನ ಅಪವಾದ ಬರುತ್ತದೆ, ಮಾತ್ರೆ ಬದಲಾಗುತ್ತದೆ, ಹುಣ್ಣು ಬದಲಾಗುವುದಿಲ್ಲ. ಮಲ ಡಾಂಬರಿನಂತೆ ಕಪ್ಪಾದರೆ, ಇಲ್ಲವೇ ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯ ಬಣ್ಣ ಕಂಡರೆ, ಹುಣ್ಣು ರಕ್ತನಾಳವನ್ನು ಕೊರೆದಿರಬಹುದು. ಆಗ ಚರ್ಚೆಗೆ ಸಮಯವಿಲ್ಲ, ಆಸ್ಪತ್ರೆಗೆ ಓಡಬೇಕು.

ಊಟದ ತಟ್ಟೆಯನ್ನು ವಿಚಾರಣೆಗೆ ಎಳೆಯುವ ಮುನ್ನ ಅಂಗಿಯ ಜೇಬನ್ನು ಒಮ್ಮೆ ತಡವಿ ನೋಡೋಣ.