ಟವೆಲ್ಲಿನ ಅಡಿಯ ಬೆಲೆ, ಕೂಗಿ ಹೇಳಿದ ಬೆಲೆ

ಪಿ.ಯು.ಸಿ. ಅರ್ಥಶಾಸ್ತ್ರದ ಪುಸ್ತಕ ತೆರೆದರೆ ಕತ್ತರಿಯ ಹಾಗೆ ಒಂದನ್ನೊಂದು ಛೇದಿಸುವ ಎರಡು ರೇಖೆಗಳು ಕಾಣುತ್ತವೆ. ಇಳಿಯುವುದು ಬೇಡಿಕೆ, ಏರುವುದು ಪೂರೈಕೆ, ಅವು ಸೇರುವಲ್ಲಿ ಸಮತೋಲನ ಬೆಲೆ. ಮಕ್ಕಳು ಇದನ್ನು ಚೆನ್ನಾಗಿಯೇ ಬರೆದು ಅಂಕ ತೆಗೆಯುತ್ತಾರೆ. ಆದರೆ ಸಂತೆಯಲ್ಲಿ ಯಾರ ಕೈಯಲ್ಲೂ ಆ ರೇಖೆಗಳಿರುವುದಿಲ್ಲ. ಮತ್ತೆ ಆ ಬೆಲೆಯನ್ನು ಕಂಡುಹಿಡಿಯುವವರು ಯಾರು? ವಿಜ್ಞಾನದ ಮೇಷ್ಟರಾದ ನನಗೆ ಇದು ಪ್ರಯೋಗ ಮಾಡಿ ನೋಡಬೇಕಾದ ಪ್ರಶ್ನೆಯಾಗಿಯೇ ಕಾಣುತ್ತದೆ. ಅದಕ್ಕೆ ಪ್ರಯೋಗಶಾಲೆ ಬೇಡ, ಇಪ್ಪತ್ತು ಚೀಟಿಗಳು ಸಾಕು.

ಸರಕು ಒಂದು ಬಾಕ್ಸ್ ಟೊಮೇಟೊ ಎಂದಿಟ್ಟುಕೊಳ್ಳಿ. ಹತ್ತು ಮಕ್ಕಳು ಕೊಳ್ಳುವವರು. ಅವರ ಚೀಟಿಗಳಲ್ಲಿ 300, 280, 260 ಹೀಗೆ ಇಪ್ಪತ್ತಿಪ್ಪತ್ತು ಇಳಿಯುತ್ತಾ 120ರ ತನಕ ರೂಪಾಯಿಗಳಿವೆ. ಇದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡುವಂತಿಲ್ಲ. ಇನ್ನು ಹತ್ತು ಮಕ್ಕಳು ಮಾರುವವರು. ಅವರ ಚೀಟಿಗಳಲ್ಲಿ 90, 110, 130 ಹೀಗೆ ಏರುತ್ತಾ 270ರ ತನಕ ಇದೆ. ಅದು ಅವರ ಅಸಲು. ಅದಕ್ಕಿಂತ ಕಡಿಮೆಗೆ ಮಾರುವಂತಿಲ್ಲ. ಒಬ್ಬರಿಗೆ ಒಂದೇ ಬಾಕ್ಸ್. ತಮ್ಮ ಚೀಟಿಯನ್ನು ಯಾರೂ ಯಾರಿಗೂ ತೋರಿಸಬಾರದು.

ಆಟಕ್ಕೆ ಮೊದಲೇ ಉತ್ತರವನ್ನು ಲೆಕ್ಕ ಹಾಕಿ ಲಕೋಟೆಯಲ್ಲಿ ಮುಚ್ಚಿಡಬೇಕು. ಬೆಲೆ 160 ಆದರೆ ಕೊಳ್ಳಬಲ್ಲವರು ಎಂಟು ಜನ, ಮಾರಬಲ್ಲವರು ನಾಲ್ವರೇ. ಬೆಲೆ 220 ಆದರೆ ಕೊಳ್ಳಬಲ್ಲವರು ಐವರು, ಮಾರಬಲ್ಲವರು ಏಳು ಜನ. 190 ಮತ್ತು 200ರ ನಡುವೆ ಮಾತ್ರ ಎರಡೂ ಕಡೆ ಆರಾರು ಜನ ಉಳಿಯುತ್ತಾರೆ. ಲಕೋಟೆಯಲ್ಲಿರುವುದು ಇಷ್ಟೇ: ಆರು ವ್ಯಾಪಾರ, 190ರಿಂದ 200 ರೂಪಾಯಿ.

ಮೊದಲ ಆಟದಲ್ಲಿ ಮಕ್ಕಳು ಇಬ್ಬಿಬ್ಬರೇ ಮೂಲೆಗೆ ಹೋಗಿ ಗುಟ್ಟಾಗಿ ಚೌಕಾಸಿ ಮಾಡಲಿ. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾರಲ್ಲ, ಹಾಗೆ. ಆಗ 300ರ ಚೀಟಿಯವನು 250ರ ಅಸಲಿನವಳ ಕೈಗೆ ಸಿಕ್ಕಿ 275 ಕೊಟ್ಟು ಬರಬಹುದು. ಪಕ್ಕದ ಮೂಲೆಯಲ್ಲೇ 180ರ ಚೀಟಿಯವಳು ಅದೇ ಟೊಮೇಟೊವನ್ನು 165ಕ್ಕೆ ಕೊಂಡಿರುತ್ತಾಳೆ. ವ್ಯಾಪಾರಗಳು ಆರರ ಬದಲು ಏಳೋ ಎಂಟೋ ಆಗುವುದುಂಟು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಎಡ್ವರ್ಡ್ ಚೇಂಬರ್ಲಿನ್ ತಮ್ಮ ತರಗತಿಗಳಲ್ಲಿ ಈ ಆಟ ಆಡಿಸಿ 1948ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದೇ: ಪುಸ್ತಕ ಹೇಳುವುದಕ್ಕಿಂತ ಹೆಚ್ಚು ವ್ಯಾಪಾರ, ಚೆದುರಿದ ಬೆಲೆ.

ಹೆಚ್ಚು ವ್ಯಾಪಾರವಾದರೆ ಒಳ್ಳೆಯದೇ ಅಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. 300ರವನು 270ರವಳಿಂದ, 280ರವನು 250ರವಳಿಂದ, ಹೀಗೆ ಜೋಡಿ ಕಟ್ಟುತ್ತಾ ಹೋದರೆ ಹತ್ತಕ್ಕೆ ಹತ್ತೂ ಬಾಕ್ಸ್ ಮಾರಾಟವಾಗುತ್ತವೆ. ಆದರೆ ಪ್ರತಿ ಜೋಡಿ ಹಂಚಿಕೊಳ್ಳುವ ಲಾಭ 30 ರೂಪಾಯಿ ಮಾತ್ರ, ಒಟ್ಟು 300. ಲಕೋಟೆಯ ಬೆಲೆಯಲ್ಲಿ ಆರೇ ಬಾಕ್ಸ್ ಮಾರಿದರೂ ಒಟ್ಟು ಲಾಭ 660! ಏಕೆಂದರೆ ಅಲ್ಲಿ ಕಡಿಮೆ ಖರ್ಚಿನಲ್ಲಿ ಬೆಳೆದ ಬಾಕ್ಸ್‌ಗಳಷ್ಟೇ ಮಾರಾಟವಾಗುತ್ತವೆ, ಅವು ಹೆಚ್ಚು ಬೇಕಾದವರಿಗೇ ಸೇರುತ್ತವೆ.

ಎರಡನೆಯ ಆಟದಲ್ಲಿ ಚೀಟಿಗಳು ಅವೇ, ಒಂದು ನಿಯಮ ಮಾತ್ರ ಬೇರೆ. ಕೊಡುವ ಬೆಲೆಯನ್ನೂ ಕೇಳುವ ಬೆಲೆಯನ್ನೂ ಎಲ್ಲರಿಗೂ ಕೇಳುವಂತೆ ಕೂಗಬೇಕು. ವ್ಯಾಪಾರ ಕುದುರಿದ ಕೂಡಲೇ ಬೆಲೆಯನ್ನು ಬೋರ್ಡಿನ ಮೇಲೆ ಬರೆಯಬೇಕು. ಐದು ನಿಮಿಷಕ್ಕೆ ಒಂದು ಸುತ್ತು, ಹೀಗೆ ಮೂರು ನಾಲ್ಕು ಸುತ್ತು. ಮೊದಲ ಸುತ್ತಿನಲ್ಲಿ ಬೆಲೆ ಎತ್ತೆತ್ತಲೋ ಹಾರಾಡುತ್ತದೆ. ಬೋರ್ಡಿನಲ್ಲಿ 195 ಕಂಡ ಮೇಲೆ 275 ಕೊಡುವವರು ಯಾರು, 165ಕ್ಕೆ ಬಿಡುವವರು ಯಾರು? ಸುತ್ತಿನಿಂದ ಸುತ್ತಿಗೆ ಬೆಲೆ ಲಕೋಟೆಯ ಕಡೆಗೆ ಸರಿಯುತ್ತದೆ. ಚೇಂಬರ್ಲಿನ್ನರ ತರಗತಿಯಲ್ಲಿ ವಿದ್ಯಾರ್ಥಿಯಾಗಿ ಆ ಆಟ ಆಡಿದ್ದ ವರ್ನನ್ ಸ್ಮಿತ್ 1956ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಮಾಡಿದ ಬದಲಾವಣೆ ಇದೇ: ಬಹಿರಂಗ ಕೂಗು ಮತ್ತು ಪುನರಾವರ್ತನೆ. ಮುಂದೆ 2002ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆತದ್ದು ಇಂಥ ಪ್ರಯೋಗಗಳಿಗಾಗಿ.

ಬೆಲೆ ಸರಿಯದಿದ್ದರೆ ಕಾರಣ ಹುಡುಕಬೇಕು. ಒಬ್ಬ ಹುಡುಗ ಸುಮ್ಮನೆ ಗೆಲ್ಲುವ ಹುರುಪಿಗೆ ಅಸಲಿಗಿಂತ ಕೆಳಗೆ ಮಾರಿರಬಹುದು. ಸುತ್ತಿನ ಕೊನೆಗೆ ಚೀಟಿಯನ್ನೂ ಬೋರ್ಡನ್ನೂ ಹೋಲಿಸಿದರೆ ಅದು ಗೊತ್ತಾಗುತ್ತದೆ. ಪ್ರತಿಯೊಬ್ಬರೂ ತಮ್ಮ ಲಾಭವನ್ನು ಚೀಟಿಯ ಹಿಂದೆ ಬರೆಯಬೇಕೆಂದರೆ ಇದು ನಿಲ್ಲುತ್ತದೆ. ಮೇಷ್ಟರೇ ಮಧ್ಯೆ ಬಾಯಿ ಹಾಕಿ "ಇನ್ನೂರರ ಹತ್ತಿರ ನೋಡಿ" ಎಂದುಬಿಟ್ಟರಂತೂ ಪ್ರಯೋಗ ಕೆಟ್ಟಂತೆಯೇ.

ಈಗ ಮೂರನೆಯ ಆಟ. ಮಳೆಗೆ ಬೆಳೆ ಹೋಯಿತೆಂದು 90, 130, 170ರ ಚೀಟಿಗಳನ್ನು ಹಿಂದಕ್ಕೆ ತೆಗೆದುಕೊಳ್ಳಿ. ಬೆಲೆ 220 ಮತ್ತು 230ರ ನಡುವಿಗೆ ಏರುತ್ತದೆ, ವ್ಯಾಪಾರ ನಾಲ್ಕಕ್ಕೆ ಇಳಿಯುತ್ತದೆ. ಇದನ್ನು ನೋಡಿ "ಬೇಡಿಕೆ ಇಳಿಯಿತು" ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಕೊಳ್ಳುವವರ ಕೈಯ ಚೀಟಿ ನೋಡಿ, ಒಂದಾದರೂ ಬದಲಾಗಿದೆಯೇ? ಇಲ್ಲ. ಬೇಡಿಕೆಯ ರೇಖೆ ಇದ್ದಲ್ಲೇ ಇದೆ. ಬೆಲೆ ಏರಿದ್ದರಿಂದ 220 ಮತ್ತು 200ರ ಚೀಟಿಯವರು ಹೊರಗುಳಿದರು, ಅಷ್ಟೇ. ಸರಿದದ್ದು ಪೂರೈಕೆಯ ರೇಖೆ. ಯಾರ ಚೀಟಿ ಬದಲಾಯಿತು ಎಂದು ಕೇಳಿಕೊಂಡರೆ ಈ ಪ್ರಶ್ನೆಯಲ್ಲಿ ತಪ್ಪುವುದಿಲ್ಲ.

ಒಂದು ತರಗತಿಯಲ್ಲಿ ರೈತರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ಅಸಲಿಗಿಂತ ಕಡಿಮೆಗೆ ಮಾರಬಾರದು ಅಂತ ನಿಮ್ಮ ನಿಯಮ. ನಮ್ಮಪ್ಪ ಮಂಡೀಲಿ ಎಷ್ಟೋ ಸಲ ಹಾಗೆ ಮಾರಿದ್ದಾರಲ್ಲ?"

ಪುಸ್ತಕದ ಪ್ರಶ್ನೆಗಳಿಗಿಂತ ಒಳ್ಳೆಯ ಪ್ರಶ್ನೆ. ಚೀಟಿಯ ಅಸಲು ಬಿತ್ತುವ ಮೊದಲಿನ ಲೆಕ್ಕ. ಬಿತ್ತಬೇಕೋ ಬೇಡವೋ ಎಂದು ಯೋಚಿಸುವಾಗ 270 ಖರ್ಚಾಗುವವನು ಹಿಂದೆ ಸರಿಯಬಹುದು. ಆದರೆ ಟೊಮೇಟೊ ಕೊಯ್ದು ಮಂಡಿಗೆ ತಂದಾದ ಮೇಲೆ ಗೊಬ್ಬರದ ದುಡ್ಡು, ಕೂಲಿ, ಲಾರಿ ಬಾಡಿಗೆ ಯಾವುದೂ ಹಿಂದಕ್ಕೆ ಬರುವುದಿಲ್ಲ. ಹಣ್ಣು ನಾಲ್ಕು ದಿನ ಕಾಯುವುದೂ ಇಲ್ಲ. ಆಗ ಅವನ ಚೀಟಿ ಹೆಚ್ಚುಕಡಿಮೆ ಸೊನ್ನೆ.

ಹಾಗಾದರೆ ಹತ್ತು ಮಂದಿ ಮಾರುವವರ ಚೀಟಿಗಳಲ್ಲೂ ಸೊನ್ನೆ ಬರೆದು ನಾಲ್ಕನೆಯ ಆಟ ಆಡಿಸಿ. ಹತ್ತು ಬಾಕ್ಸೂ ಮಾರಾಟವಾಗಬೇಕಾದರೆ ಕೊನೆಯ, ಅಂದರೆ 120ರ ಚೀಟಿಯವನೂ ಕೊಳ್ಳಬೇಕು. ಅದರಿಂದ ಸಮತೋಲನ ಬೆಲೆ 120ನ್ನು ಮೀರಲಾರದು, ಇನ್ನೂ ಕೆಳಗೆ ಕುಸಿಯಲೂಬಹುದು. ಆಟ ಮುಗಿದ ಮೇಲೆ ಹಳೆಯ ಅಸಲಿನ ಚೀಟಿಗಳನ್ನು ಅವರಿಗೆ ಹಿಂದಿರುಗಿಸಿ. ಆ ಬೆಲೆಯಲ್ಲಿ ಹತ್ತರಲ್ಲಿ ಎಂಟು ಮಂದಿಗೆ ನಷ್ಟ ಖಚಿತ. ಕೂಗು ಬಹಿರಂಗವಾಗಿಯೇ ಇತ್ತು, ಯಾರೂ ಮೋಸ ಮಾಡಲಿಲ್ಲ, ರೇಖೆಗಳು ಸರಿಯಾದ ಜಾಗದಲ್ಲೇ ಸೇರಿದವು. ಆದರೂ ಎಂಟು ಮಂದಿ ಖಾಲಿ ಕೈಯಲ್ಲಿ ಮನೆಗೆ ಹೋದರು.

ಬಹಿರಂಗ ಹರಾಜು ಅಂದಿನ ಬೆಲೆಯನ್ನು ಸರಿಯಾಗಿ ಹುಡುಕಿ ಕೊಡುತ್ತದೆ. ಆ ಬೆಲೆ ಬೆಳೆದವನ ಖರ್ಚಿಗೆ ಸಾಲುತ್ತದೆಂಬ ಭರವಸೆಯನ್ನು ಅದು ಯಾವತ್ತೂ ಕೊಟ್ಟಿಲ್ಲ. ಈ ವ್ಯತ್ಯಾಸ ಮಕ್ಕಳಿಗೆ ತಿಳಿಯಬೇಕಾದರೆ, ಸೊನ್ನೆಯ ಚೀಟಿಯನ್ನು ಅವರು ಒಮ್ಮೆಯಾದರೂ ಕೈಯಲ್ಲಿ ಹಿಡಿದಿರಬೇಕು.