‘ಅಲ್ಲದೆ’ ಮುಚ್ಚಿಡುವ ಪ್ರಶ್ನೆ

ನಮ್ಮಲ್ಲಿ ಯಾರಾದರೂ ಹಿರಿಯರು ತೀರಿಕೊಂಡರೆ ಅವರ ಬಗ್ಗೆ ಯಾರಾದರೊಬ್ಬರು ಕನ್ನಡದಲ್ಲಿ ನಾಲ್ಕು ಮಾತು ಬರೆಯುತ್ತಾರೆ. ಅದು ಜಮಾಅತಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗುತ್ತದೆ ಅಥವಾ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತದೆ. ಇಂಥ ಬರಹಗಳ ಕರಡು ತಿದ್ದಿಕೊಡಿ ಎಂದು ಕೆಲವರು ನನಗೆ ಕಳಿಸುವುದುಂಟು. ಕಾಗುಣಿತದ ತಪ್ಪುಗಳಿಂದ ನನಗೆ ದೊಡ್ಡ ತೊಂದರೆಯಿಲ್ಲ, ಅವನ್ನು ತಿದ್ದಿದರೆ ಮುಗಿಯಿತು. ನನ್ನನ್ನು ತಡೆಯುವುದು ಒಂದೇ ಜಾತಿಯ ಪದಗಳು: ಅಲ್ಲದೆ, ಇದಲ್ಲದೆ, ಮಾತ್ರವಲ್ಲದೆ, ಅಷ್ಟೇ ಅಲ್ಲದೆ, ಮೇಲಾಗಿ.

ಈ ಪದಗಳು ಅಂದಗೆಡಿಸುತ್ತವೆ ಎಂಬುದು ನನ್ನ ತಕರಾರಲ್ಲ. ಬರೆಯುವವರು ಕೇಳಬೇಕಾಗಿದ್ದ ಪ್ರಶ್ನೆಯನ್ನು ಇವು ಮುಚ್ಚಿಬಿಡುತ್ತವೆ ಎಂಬುದೇ ನನ್ನ ಮಾತು.

ಒಂದು ಮಾದರಿ ನೋಡೋಣ. ಇದನ್ನು ನಾನೇ ಕಟ್ಟಿದ್ದು, ಆದರೆ ಇಂಥದ್ದನ್ನು ನೀವೆಲ್ಲ ಓದಿಯೇ ಇರುತ್ತೀರಿ.

“ಅವರು ಬಡ ಕುಟುಂಬದಲ್ಲಿ ಹುಟ್ಟಿದರು. ಅಲ್ಲದೆ 4ನೇ ತರಗತಿಗೆ ಶಾಲೆ ಬಿಟ್ಟರು. ಇದಲ್ಲದೆ ಅವರು ಬೀಡಿ ಕಟ್ಟುತ್ತಿದ್ದರು. ಮಾತ್ರವಲ್ಲದೆ ಮೂವರು ಹೆಣ್ಣುಮಕ್ಕಳನ್ನು ಓದಿಸಿದರು. ಅಷ್ಟೇ ಅಲ್ಲದೆ ಮದ್ರಸಕ್ಕೆ 5 ಸೆಂಟ್ಸ್ ಜಾಗ ಕೊಟ್ಟರು. ಮೇಲಾಗಿ ಅವರು ಸರಳ ಜೀವಿಯಾಗಿದ್ದರು.”

‘ಅಲ್ಲದೆ’ ಎಂದರೆ ಏನು? ‘ಅದು ಮಾತ್ರ ಅಲ್ಲ, ಇನ್ನೂ ಇದೆ’ ಎಂದು. ಅದು ಹಿಂದಿನ ವಾಕ್ಯವನ್ನು ಬದಿಗೆ ಸರಿಸಿ ಮುಂದಿನದನ್ನು ಎದುರಿಗಿಡುತ್ತದೆ. ಮೂವರು ಹೆಣ್ಣುಮಕ್ಕಳನ್ನು ಓದಿಸಿದ ಉಮ್ಮನ ಬದುಕನ್ನು ‘ಅಷ್ಟೇ ಅಲ್ಲ’ ಎಂದು ದಾಟಿ ಹೋಗುವುದು ಬರೆದವರ ಉದ್ದೇಶವಲ್ಲ. ಪದ ಆ ಕೆಲಸ ಮಾಡಿಬಿಡುತ್ತದೆ. ಪರಿಣಾಮವಾಗಿ ಒಂದು ಬದುಕು ಅಂಗಡಿಯ ಚೀಟಿಯ ಹಾಗೆ ಕಾಣುತ್ತದೆ: ಇದು, ಇದು, ಮತ್ತೆ ಇದು.

ಈಗ ಆ ಐದೂ ಪದಗಳನ್ನು ಹೊಡೆದುಹಾಕಿ ಓದಿ. ಮೊದಲ ಎರಡು ವಾಕ್ಯಗಳ ನಡುವೆ ಇರುವುದು ಕಾರಣ. ಬಡತನ ಇದ್ದುದರಿಂದ ಶಾಲೆ ಬಿಟ್ಟರು, ಬಡತನದ ‘ಜೊತೆಗೆ’ ಅಲ್ಲ. ಆದರೆ ಬಡವರ ಮಕ್ಕಳೆಲ್ಲ ಶಾಲೆ ಬಿಟ್ಟಿರಲಿಲ್ಲ. ಇವರು ಯಾಕೆ ಬಿಟ್ಟರು, 4ನೇ ತರಗತಿಯಲ್ಲೇ ಯಾಕೆ? ಇದು ಬರಹದಲ್ಲಿಲ್ಲ. ಇನ್ನು ಬೀಡಿಗೂ ಮಕ್ಕಳ ಓದಿಗೂ ನಡುವೆ ಇರುವುದು ದುಡ್ಡು. ಬೀಡಿಯಿಂದ ಓದಿಸಿದರು. ಮದ್ರಸದ ಜಾಗ ಮಾತ್ರ ನಿಜವಾಗಿಯೂ ಬೇರೆ ವಿಷಯ, ಅದಕ್ಕೂ ಹಿಂದಿನದಕ್ಕೂ ಏನಾದರೂ ಸಂಬಂಧ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ‘ಸರಳ ಜೀವಿ’ ಎಂಬ ಕೊನೆಯ ವಾಕ್ಯ ಯಾರ ಬಗ್ಗೆಯೂ ಹೇಳಬಹುದಾದದ್ದು.

ಅಂದರೆ ಆರು ವಾಕ್ಯಗಳಲ್ಲಿ ಕಡಿಮೆಯೆಂದರೂ ಎರಡು ಪ್ರಶ್ನೆಗಳಿಗೆ ಉತ್ತರ ಇಲ್ಲ. ಅವನ್ನು ಹಿಡಿದು ಮನೆಯವರಿಗೆ ಫೋನ್ ಮಾಡಬೇಕು. ಮಗಳು ಹೀಗೆ ಹೇಳಿದಳು ಎಂದುಕೊಳ್ಳೋಣ: “ಮಾಮ ಹುಟ್ಟಿದಾಗ ಅಜ್ಜಿ ಕೂಲಿಗೆ ಹೋಗಬೇಕಿತ್ತು, ಮಗುವನ್ನು ನೋಡಿಕೊಳ್ಳಲು ಉಮ್ಮ ಮನೆಯಲ್ಲಿ ನಿಂತರು. ಓದಲಾಗಲಿಲ್ಲ ಎಂದು ಕೊನೆಯವರೆಗೂ ಹೇಳುತ್ತಿದ್ದರು. ಮದ್ರಸಕ್ಕೆ ಜಾಗ ಕೊಡುವಾಗಲೂ ಅದೇ ಮಾತು.” ಆಗ ಬರಹ ಹೀಗಾಗುತ್ತದೆ:

“ಅವರು ಮನೆಯ ಹಿರಿಮಗಳು. ತಮ್ಮ ಹುಟ್ಟಿದಾಗ ಮಗುವನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದೆ 4ನೇ ತರಗತಿಗೆ ಶಾಲೆ ಬಿಟ್ಟರು. ತೊಟ್ಟಿಲು ತೂಗುತ್ತಲೇ ಬೀಡಿ ಕಟ್ಟಲು ಕಲಿತರು. ಆ ಬೀಡಿಯ ದುಡ್ಡಿನಲ್ಲೇ ಮುಂದೆ ಮೂವರು ಹೆಣ್ಣುಮಕ್ಕಳು ಓದಿದರು. ತನಗೆ ಓದಲಾಗಲಿಲ್ಲ ಎಂದು ಕೊನೆಯವರೆಗೂ ಹೇಳುತ್ತಿದ್ದ ಅವರು, ಮದ್ರಸ ಕಟ್ಟಲು ಮನೆಯ ಪಕ್ಕದ 5 ಸೆಂಟ್ಸ್ ಜಾಗವನ್ನೂ ಬಿಟ್ಟುಕೊಟ್ಟರು.”

ಇಲ್ಲಿ ಜೋಡಿಸುವ ಪದಗಳು ಇಲ್ಲವೆಂದಲ್ಲ, ಅವು ಮಾತಿನೊಳಗೇ ಸೇರಿಕೊಂಡಿವೆ. ‘ಇಲ್ಲದೆ’ ಕಾರಣ ಹೇಳುತ್ತದೆ. ‘ತೂಗುತ್ತಲೇ’ ಎರಡು ಕೆಲಸ ಒಟ್ಟಿಗೆ ನಡೆದದ್ದನ್ನು ಹೇಳುತ್ತದೆ. ‘ಆ ಬೀಡಿಯ’ ಎಂಬುದು ಹಿಂದಿನ ವಾಕ್ಯದ ಕೊನೆಯ ವಿಷಯವನ್ನು ಕೈಹಿಡಿದು ಮುಂದಕ್ಕೆ ತರುತ್ತದೆ. ‘ಜಾಗವನ್ನೂ’ ಎಂಬಲ್ಲಿರುವ ಒಂದು ದೀರ್ಘ ‘ಊ’, ‘ಅಷ್ಟೇ ಅಲ್ಲದೆ’ ಎಂಬ ಎರಡು ಪದಗಳ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ.

ಇದು ನಮಗೆ ಹೊಸತೇನಲ್ಲ. ಮನೆಯಲ್ಲಿ ನಾವು ಬ್ಯಾರಿಯಲ್ಲಿ ಕತೆ ಹೇಳುವುದೂ ಹೀಗೆಯೇ. ಕನ್ನಡ, ತುಳು, ಮಲಯಾಳಂ, ಬ್ಯಾರಿ ಎಲ್ಲವೂ ಒಂದು ಕ್ರಿಯೆಯ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತಾ ಹೋಗುವ ಭಾಷೆಗಳು. ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಟಿ, ನೂಲು ಸುತ್ತಿ ಎಂದು ಹೇಳಿದರೆ ಬೀಡಿಯ ಕೆಲಸ ಕಣ್ಣಿಗೆ ಕಾಣುತ್ತದೆ. ‘ಎಲೆ ನೆನೆಸುತ್ತಾರೆ, ಇದಲ್ಲದೆ ಕತ್ತರಿಸುತ್ತಾರೆ’ ಎಂದು ಯಾವ ಉಮ್ಮನೂ ಹೇಳುವುದಿಲ್ಲ. ಪೆನ್ನು ಹಿಡಿದ ಕೂಡಲೇ ನಾವು ವೇದಿಕೆಯ ಮೇಲೆ ನಿಂತವರ ಹಾಗೆ ಮಾತಾಡತೊಡಗುತ್ತೇವೆ. ಶಾಲೆಯ ಇಂಗ್ಲಿಷ್ ಪ್ರಬಂಧದ ಮೋರ್‌ಓವರ್, ಫರ್ದರ್‌ಮೋರ್ ಅಲ್ಲಿಗೆ ಬಂದು ಕೂರುತ್ತವೆ. ಮಂಜೇಶ್ವರ, ಕಾಸರಗೋಡಿನ ಕಡೆ ಮಲಯಾಳಂ ಭಾಷಣದ ‘ಮಾತ್ರಮಲ್ಲ’ ಕೂಡ ಸದಾ ಕಿವಿಯಲ್ಲಿರುತ್ತದೆ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮೊದಲನೆಯದು, ಇಲ್ಲದ ಕಾರಣವನ್ನು ಕಟ್ಟಬಾರದು. ‘ಶಾಲೆ ಬಿಟ್ಟು ಬೀಡಿಗೆ ಕುಳಿತರು’ ಎಂದು ಬರೆದರೆ ಒಂದರ ಬೆನ್ನಿಗೆ ಇನ್ನೊಂದು ನಡೆಯಿತು ಎಂದೇ ಓದುವವರು ತಿಳಿಯುತ್ತಾರೆ. ನಡುವೆ ಹತ್ತು ವರ್ಷ ಇದ್ದರೆ ಅದು ಸುಳ್ಳಾಗುತ್ತದೆ. ಮಗಳು ಆ ಮಾತು ಹೇಳದೇ ಇದ್ದಿದ್ದರೆ ಮದ್ರಸದ ಜಾಗವನ್ನು ಓದಿನ ಆಸೆಗೆ ಗಂಟು ಹಾಕುವ ಹಕ್ಕು ನಮಗಿಲ್ಲ, ಹೊಸ ಪ್ಯಾರಾ ಮಾಡಿ ಬರೆದರೆ ಸಾಕು. ಎರಡು ವಿಷಯಗಳ ನಡುವೆ ಖಾಲಿ ಜಾಗ ಇದ್ದರೆ ಓದುವವರಿಗೆ ಏನೂ ಕಷ್ಟವಾಗುವುದಿಲ್ಲ.

ಎರಡನೆಯದು, ಜೋಡಿಸುವ ಪದಗಳೆಲ್ಲ ಕೆಟ್ಟವಲ್ಲ. ‘ಆದರೆ’, ‘ಆದ್ದರಿಂದ’, ‘ಹಾಗಿದ್ದರೂ’ ಎಂಬವು ಮಾತಿನ ದಾರಿ ತಿರುಗುವುದನ್ನು ತೋರಿಸುತ್ತವೆ. ಅವನ್ನು ತೆಗೆದರೆ ಅರ್ಥವೇ ಹೋಗುತ್ತದೆ. ಪಂಚಾಯತಿಗೆ ಕೊಡುವ ಅರ್ಜಿಯಲ್ಲಿ ಒಂದು ಬೇಡಿಕೆಯ ಮೇಲೆ ಇನ್ನೊಂದನ್ನು ಇಡುವಾಗ ‘ಇದಲ್ಲದೆ’ ಸರಿಯಾದ ಪದವೇ, ಅಲ್ಲಿ ನಿಜವಾಗಿಯೂ ಲೆಕ್ಕ ಸೇರಿಸುತ್ತಿದ್ದೇವೆ. ತಿಳಿಯುವ ದಾರಿ ಸುಲಭ: ಪದವನ್ನು ಬೆರಳಿನಿಂದ ಮುಚ್ಚಿ ಜೋರಾಗಿ ಓದಿ. ಅರ್ಥ ಬದಲಾಗದಿದ್ದರೆ ಅದು ಬೇಡ. ಮುಚ್ಚಿದಾಗ ಎರಡು ವಾಕ್ಯಗಳ ನಡುವೆ ‘ಯಾಕೆ?’ ಎಂದು ಮನಸ್ಸಿಗೆ ಬಂದರೆ ಅಲ್ಲಿ ಮನೆಯವರನ್ನು ಕೇಳುವುದು ಬಾಕಿಯಿದೆ.

ಕೇಳುವುದಕ್ಕೆ ನಮಗೆ ತುಂಬಾ ಸಮಯವೂ ಇಲ್ಲ. ಶಾಲೆ ಯಾಕೆ ಬಿಟ್ಟರು ಎಂದು ಹೇಳಬಲ್ಲ ತಂಗಿಯೋ ನೆರೆಮನೆಯ ಗೆಳತಿಯೋ ಸಾಮಾನ್ಯವಾಗಿ ತೀರಿಕೊಂಡವರಷ್ಟೇ ವಯಸ್ಸಿನವರು. ಅವರಿಗೂ ಮುಂದೊಂದು ದಿನ ಇಂಥದೇ ನಾಲ್ಕು ಮಾತು ಬರೆಯುತ್ತೇವೆ. ಆ ಕರಡಿನಲ್ಲಿ ಐದು ‘ಅಲ್ಲದೆ’ ಇದ್ದರೆ ಉತ್ತರ ಗೊತ್ತಿದ್ದವರನ್ನು ನಾವು ಐದು ಸಲ ಕೇಳದೇ ಬಿಟ್ಟಿದ್ದೇವೆ ಎಂದೇ ನಾನು ಓದುತ್ತೇನೆ.